ಖಾಲಿ ಆಕಾಶಕ್ಕೆ ಬೆಳ್ಳಕ್ಕಿ ಹಿಂಡು

ಸಂಜೆಯ ಫೋಟೊ ಚೆನ್ನಾಗಿ ಬಂದಿದೆ, ಆಕಾಶ ಮಾತ್ರ ಬಿಕೋ ಅನ್ನುತ್ತಿದೆ. ಗೂಡಿಗೆ ಮರಳುವ ಬೆಳ್ಳಕ್ಕಿಗಳನ್ನು ಫೋಟೊಶಾಪ್‌ನಲ್ಲಿ ಸೇರಿಸೋಣ. ಮೊದಲು ಒಂದು ವಿಷಯ ತೀರ್ಮಾನಿಸಿ: ಹಿಂಡು ಎಷ್ಟು ದೂರದಲ್ಲಿದೆ? ಗಾತ್ರ, ಅಂತರ, ಮಸುಕು ಮೂರೂ ಅದರಿಂದಲೇ ಹುಟ್ಟುತ್ತವೆ.

ನೂರು ಮೀಟರ್ ಅಂದುಕೊಳ್ಳಿ. ಬೆಳ್ಳಕ್ಕಿಯ ಮೈಯುದ್ದ ಸುಮಾರು ಅರ್ಧ ಮೀಟರ್. ಫುಲ್‌ಫ್ರೇಮ್ ಕ್ಯಾಮೆರಾ, 50 ಎಂ.ಎಂ. ಲೆನ್ಸ್, 6000 ಪಿಕ್ಸೆಲ್ ಅಗಲದ ಫೋಟೊ ಆದರೆ ಅಡ್ಡಡ್ಡ ಹಾರುವ ಹಕ್ಕಿ ಬರೀ 42 ಪಿಕ್ಸೆಲ್ ಉದ್ದ ಕಾಣುತ್ತದೆ. ಇಷ್ಟು ಚಿಕ್ಕದಾ ಅನ್ನಿಸಬಹುದು. ಹೌದು, ಹೆಚ್ಚಿನವರು ಹಕ್ಕಿಯನ್ನು ಜಾಸ್ತಿ ದೊಡ್ಡದು ಮಾಡಿಯೇ ಸಿಕ್ಕಿಬೀಳುತ್ತಾರೆ.

ಬೆಳಕಿಗೆ ಎದುರಾಗಿ ತೆಗೆದ, ಕಪ್ಪಗೆ ಕಾಣುವ ಹಕ್ಕಿಗಳ ಚಿತ್ರಗಳನ್ನೇ ಆರಿಸಿ. Levels ಎಳೆದು ಹಿಂದಿನ ಆಕಾಶವನ್ನು ಪೂರ್ತಿ ಬಿಳಿ ಮಾಡಿ, ಪದರಕ್ಕೆ Multiply ಕೊಡಿ. ಬಿಳಿ ಮಾಯವಾಗುತ್ತದೆ, ಹಕ್ಕಿ ಉಳಿಯುತ್ತದೆ. ರೆಕ್ಕೆ ಮೇಲೆ, ಕೆಳಗೆ, ನಡುವೆ ಇರುವ ನಾಲ್ಕೈದು ಭಂಗಿಗಳು ಬೇಕು. ಒಂದೇ ಹಕ್ಕಿಯನ್ನು ಸುಮ್ನೆ ನಕಲು ಮಾಡುತ್ತಾ ಹೋದರೆ ಕವಾಯತು ನಡೆದ ಹಾಗಿರುತ್ತದೆ.

ಈಗ ಜೋಡಣೆ. ಒಂದು ಸಡಿಲವಾದ ಓರೆ ಸಾಲು ಸಾಕು. ಎರಡು ಹಕ್ಕಿಗಳ ರೆಕ್ಕೆ ಒಂದರ ಮೇಲೊಂದು ಬರಲಿ, ಮುಂದಿನದಕ್ಕೆ ಎರಡು ಮೈಯುದ್ದದಷ್ಟು ಜಾಗವಿರಲಿ, ಒಂದು ಹಕ್ಕಿ ಹಿಂದೆಯೇ ಉಳಿಯಲಿ. ಗಾತ್ರವನ್ನು ಮಾತ್ರ ಮನಬಂದಂತೆ ಬದಲಿಸಬೇಡಿ. ಹಿಂಡು 20 ಮೀಟರ್ ಆಳಕ್ಕೆ ಹರಡಿದ್ದರೂ ಅತಿ ದೂರದ ಹಕ್ಕಿ 35 ಪಿಕ್ಸೆಲ್ ಇರುತ್ತದೆ. ಒಂದು 42, ಪಕ್ಕದ್ದು 15 ಅಂದರೆ ಯಾರೂ ನಂಬುವುದಿಲ್ಲ.

ಮಸುಕು ಗಾತ್ರ ಹೊಂದಿಸಿದ ಮೇಲೆಯೇ. ಮೂಲ ಫೋಟೊದ ಶಟರ್ ವೇಗ ನೋಡಿ. ಹಕ್ಕಿ ಸೆಕೆಂಡಿಗೆ 10 ಮೀಟರ್ ಹಾರುತ್ತದೆ ಅಂತಿಟ್ಟುಕೊಂಡರೆ, 1/60 ಸೆಕೆಂಡಿನಲ್ಲಿ ಸುಮಾರು 17 ಸೆಂ.ಮೀ. ಮುಂದೆ ಹೋಗಿರುತ್ತದೆ, ಅಂದರೆ ಮೈಯುದ್ದದ ಮೂರನೇ ಒಂದು ಭಾಗ. Motion Blur ತೆರೆದು Distance 14 ಕೊಡಿ, Angle ಹಾರುವ ದಿಕ್ಕಿಗೆ ತಿರುಗಿಸಿ. ಶಟರ್ 1/1000 ಇದ್ದರೆ ಮೈಗೆ ಮಸುಕೇ ಬೇಡ.

ರೆಕ್ಕೆಯ ಲೆಕ್ಕ ಬೇರೆ. ಅದು ಮೇಲಕ್ಕೋ ಕೆಳಕ್ಕೋ ಮುಟ್ಟಿ ತಿರುಗುವ ಗಳಿಗೆಯಲ್ಲಿ ಬಹುತೇಕ ನಿಂತೇ ಇರುತ್ತದೆ. ಹಾಗಾಗಿ ಆ ಭಂಗಿಯ ರೆಕ್ಕೆಯನ್ನು ಮುಟ್ಟಬೇಡಿ. ನಡುವೆ ಇರುವ ರೆಕ್ಕೆಯ ತುದಿಯನ್ನಷ್ಟೇ ಅಂಚು ಮೃದುವಾಗಿಸಿ ಆಯ್ದು, Angle 90 ಇಟ್ಟು ಇನ್ನೊಮ್ಮೆ ಮಸುಕು ಮಾಡಿ. ಬುಡ ಚೂಪಾಗಿಯೇ ಇರಲಿ.

ಇನ್ನೂ ದೂರಕ್ಕೆ ಎರಡನೇ ಹಿಂಡು ಬೇಕಾ? ಇಡೀ ಗುಂಪನ್ನು Convert to Smart Object ಮಾಡಿ, Multiply ಹಾಕಿ, New Smart Object via Copy ಮೂಲಕ ನಕಲಿಸಿ, ನಕಲನ್ನು ಅರ್ಧಕ್ಕೆ ಇಳಿಸಿ. ಗಾತ್ರ, ಅಂತರ, ಮಸುಕು ಎಲ್ಲವೂ ಒಟ್ಟಿಗೆ ಅರ್ಧವಾಗಿ, ಹಿಂಡು 200 ಮೀಟರ್ ದೂರಕ್ಕೆ ಸರಿಯುತ್ತದೆ. Opacity ಸ್ವಲ್ಪ ತಗ್ಗಿಸಿ, ದೂರದ ಹಕ್ಕಿ ಅಷ್ಟು ಕಪ್ಪಗಿರುವುದಿಲ್ಲ ಅಲ್ವಾ. ಆದರೆ ಅದೇ ಸಾಲು, ಅದೇ ಭಂಗಿ ಅಂತ ಗೊತ್ತಾಗದಂತೆ ನಕಲಿನ ಒಳಗಿನ ಒಂದೆರಡು ಹಕ್ಕಿಗಳನ್ನು ಅಳಿಸಿಬಿಡಿ.