ಲೀಟರಿಗೆ ಮೂರೂವರೆ ರೂಪಾಯಿ ಹೆಚ್ಚು ಕೊಟ್ಟರೆ ಸಿಗುವುದೇನು? ಸೀಟೇನ್ ಮತ್ತು ಪ್ರೀಮಿಯಂ ಡೀಸೆಲ್ ಬಗ್ಗೆ ನನ್ನ ಲೆಕ್ಕ

ಪೆಟ್ರೋಲ್ ಕಾರಿನ ಆಕ್ಟೇನ್ ಲೆಕ್ಕವನ್ನು ಡೀಸೆಲ್‌ಗೂ ಹಾಕುವವರು ತುಂಬಾ ಜನ. ಇಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು. ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಬಾರದು. ಅದು ಎಷ್ಟು ತಡೆದುಕೊಳ್ಳುತ್ತದೆ ಎಂಬುದನ್ನು ಆಕ್ಟೇನ್ ಹೇಳುತ್ತದೆ. ಡೀಸೆಲ್ ಮಾತ್ರ ತಾನಾಗಿ, ಅದೂ ಬೇಗ ಹೊತ್ತಿಕೊಳ್ಳಬೇಕು. ಇಂಜೆಕ್ಟರ್ ಡೀಸೆಲ್ ಸಿಂಪಡಿಸಿದ ಕ್ಷಣಕ್ಕೂ ಅದು ಹೊತ್ತಿಕೊಂಡ ಕ್ಷಣಕ್ಕೂ ನಡುವೆ ಒಂದು ಸಣ್ಣ ಅಂತರ ಇರುತ್ತದೆ. ಸೀಟೇನ್ ಸಂಖ್ಯೆ ಹೆಚ್ಚಿದಷ್ಟೂ ಆ ಅಂತರ ಕಡಿಮೆ. ಅಂತರ ಹೆಚ್ಚಾದರೆ ಅಷ್ಟು ಹೊತ್ತಿನಲ್ಲಿ ಸಿಲಿಂಡರ್ ಒಳಗೆ ಡೀಸೆಲ್ ಜಮೆಯಾಗಿ ಒಂದೇ ಸಲಕ್ಕೆ ಉರಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬರುವ ಕಟಕಟ ಸದ್ದಿನಲ್ಲಿ ದೊಡ್ಡ ಪಾಲು ಇದರದ್ದೇ.

ನಮ್ಮ ದೇಶದಲ್ಲಿ 2020ರ ಏಪ್ರಿಲ್‌ನಿಂದ ಎಲ್ಲ ಬಂಕ್‌ಗಳಲ್ಲೂ ಸಿಗುತ್ತಿರುವ ಬಿಎಸ್-6 ಡೀಸೆಲ್‌ನ ಸೀಟೇನ್ ಕನಿಷ್ಠ 51 ಇರಲೇಬೇಕು, ಗಂಧಕ ಕಿಲೋಗೆ 10 ಮಿಲಿಗ್ರಾಂ ಮೀರಬಾರದು. ಯುರೋಪಿನ ಮಾನದಂಡದಲ್ಲಿಯೂ ಕನಿಷ್ಠ 51. ಅಮೆರಿಕದಲ್ಲಿ ಕನಿಷ್ಠ 40 ಇದ್ದರೆ ಸಾಕು. ಅಲ್ಲಿನ ವಾಹನದವರು ಸೀಟೇನ್ ಹೆಚ್ಚಿಸುವ ಬಾಟಲಿಗಳನ್ನು ಹೊಗಳುವುದನ್ನು ಕೇಳಿ ಇಲ್ಲಿ ಅದನ್ನೇ ಮಾಡಲು ಹೊರಡುವವರು ಈ ವ್ಯತ್ಯಾಸವನ್ನು ಮೊದಲು ಗಮನಿಸಬೇಕು. 42ರಿಂದ 47ಕ್ಕೆ ಏರುವುದು ಬೇರೆ, ಪ್ರೀಮಿಯಂ ಡೀಸೆಲ್ ಹಾಕಿ 51ರಿಂದ 55ಕ್ಕೆ ಏರುವುದು ಬೇರೆ.

ಎಷ್ಟು ಬೇರೆ ಎಂದು ಒಂದು ಅಂದಾಜು ಹಾಕೋಣ. ಇಂಜಿನ್ 2000 ಆರ್‌ಪಿಎಂನಲ್ಲಿ ಓಡುವಾಗ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕ್ 12 ಡಿಗ್ರಿ ತಿರುಗುತ್ತದೆ. ಹೊತ್ತಿಕೊಳ್ಳುವ ಅಂತರ ಹೆಚ್ಚೆಂದರೆ ಒಂದು ಮಿಲಿಸೆಕೆಂಡ್ ಎಂದೇ ಇಟ್ಟುಕೊಳ್ಳಿ. ಸೀಟೇನ್ ನಾಲ್ಕು ಅಂಕ ಏರಿದರೆ ಅದರಲ್ಲಿ ಶೇಕಡಾ ನಾಲ್ಕೈದರಷ್ಟು ಕಡಿಮೆಯಾಗಬಹುದು, ಅಂದರೆ ಕ್ರ್ಯಾಂಕ್ ಲೆಕ್ಕದಲ್ಲಿ ಅರ್ಧ ಡಿಗ್ರಿಯ ಆಸುಪಾಸು. ಈಗಿನ ಕಾಮನ್ ರೈಲ್ ಇಂಜಿನ್ ಮುಖ್ಯ ಇಂಜೆಕ್ಷನ್‌ಗೆ ಮೊದಲೇ ಒಂದೆರಡು ಹನಿ ಪೈಲಟ್ ಇಂಜೆಕ್ಷನ್ ಕೊಟ್ಟು ಸಿಲಿಂಡರನ್ನು ಬಿಸಿ ಮಾಡಿಕೊಂಡಿರುತ್ತದೆ. ಹಾಗಾಗಿ ಈ ಅರ್ಧ ಡಿಗ್ರಿಯಲ್ಲೂ ಬಹುಪಾಲು ಲೆಕ್ಕಕ್ಕೆ ಸಿಗುವುದಿಲ್ಲ. ಜೊತೆಗೆ ಪೆಟ್ರೋಲ್ ಇಂಜಿನ್‌ನಲ್ಲಿ ನಾಕ್ ಸೆನ್ಸರ್ ಇರುತ್ತದೆ, ಒಳ್ಳೆಯ ಪೆಟ್ರೋಲ್ ಸಿಕ್ಕಿತೆಂದು ತಿಳಿದು ಟೈಮಿಂಗ್ ಮುಂದಕ್ಕೆ ತರುತ್ತದೆ. ನಾವು ಓಡಿಸುವ ಸಾಮಾನ್ಯ ಡೀಸೆಲ್ ಎಸ್‌ಯುವಿಗಳಲ್ಲಿ ಸೀಟೇನ್ ಎಷ್ಟೆಂದು ಅಳೆಯುವ ಸೆನ್ಸರ್ ಇಲ್ಲ. ಇಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, 51 ಎಂದುಕೊಂಡೇ ಟೈಮಿಂಗ್ ಇಡುತ್ತದೆ. ನೀವು 56 ಹಾಕಿದರೂ ಅದಕ್ಕೆ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ. ಸೀಟೇನ್ ಹೆಚ್ಚಿಸಲು ಸಾಮಾನ್ಯವಾಗಿ ಬೆರೆಸುವುದು 2-ಈಥೈಲ್ ಹೆಕ್ಸೈಲ್ ನೈಟ್ರೇಟ್. ಅದು ಡೀಸೆಲ್ ಬೇಗ ಹೊತ್ತಿಕೊಳ್ಳುವಂತೆ ಮಾಡುತ್ತದೆಯೇ ಹೊರತು ಲೀಟರಿನಲ್ಲಿರುವ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಶಕ್ತಿ ನಿಂತಿರುವುದು ಡೀಸೆಲ್‌ನ ಸಾಂದ್ರತೆಯ ಮೇಲೆ. ಪ್ರಯೋಗಾಲಯದ ವರದಿ ನೋಡುವವರು ಸೀಟೇನ್ ಸಂಖ್ಯೆ, ಸೀಟೇನ್ ಸೂಚ್ಯಂಕ ಎರಡನ್ನೂ ಒಂದೇ ಎಂದು ಓದಬೇಡಿ. ಸೂಚ್ಯಂಕವನ್ನು ಸಾಂದ್ರತೆ ಮತ್ತು ಕುದಿಯುವ ಉಷ್ಣಾಂಶಗಳಿಂದ ಲೆಕ್ಕ ಹಾಕುತ್ತಾರೆ. ಬೆರೆಸಿದ ನೈಟ್ರೇಟ್ ಅದರಲ್ಲಿ ಕಾಣುವುದೇ ಇಲ್ಲ.

ಇಷ್ಟು ಗೊತ್ತಿದ್ದರೂ ಅಳೆದೇ ನೋಡಬೇಕಿತ್ತು. ಗಾಡಿ 1.5 ಲೀಟರ್ ಡೀಸೆಲ್ ಇಂಜಿನ್‌ನ ಬಿಎಸ್-6 ಕ್ರೆಟಾ, 50 ಲೀಟರ್ ಟ್ಯಾಂಕ್, ಓಡಾಟ ಬಹುತೇಕ ಬೆಂಗಳೂರಿನ ಒಳಗೆ. ಆಗ ನಮ್ಮ ಬಂಕ್‌ನಲ್ಲಿ ಸಾಮಾನ್ಯ ಡೀಸೆಲ್ 91 ರೂಪಾಯಿ ಆಸುಪಾಸು, ಪ್ರೀಮಿಯಂ ಮೂರೂವರೆ ರೂಪಾಯಿ ಹೆಚ್ಚು. ಅಂದರೆ ಶೇಕಡಾ 3.8 ಜಾಸ್ತಿ. ಹಾಕಿದ ದುಡ್ಡು ಮೈಲೇಜಿನಲ್ಲೇ ವಾಪಸ್ ಬರಬೇಕಾದರೆ ಲೀಟರಿಗೆ 12.1 ಕಿ.ಮೀ. ಕೊಡುವ ಗಾಡಿ 12.56 ಕೊಡಬೇಕು. ಗುರಿ ಇಷ್ಟೇ, 0.46 ಕಿ.ಮೀ.

ಅಳೆಯುವ ಕ್ರಮ ಹೀಗೆ. ಒಂದೇ ಬಂಕ್, ಒಂದೇ ಕಡೆಯ ನಾಜಲ್, ಬೆಳಿಗ್ಗೆ ಏಳು ಗಂಟೆಯೊಳಗೆ, ಮೊದಲ ಕಟ್-ಆಫ್ ಆದ ಕೂಡಲೇ ನಿಲ್ಲಿಸುವುದು. ರೌಂಡ್ ಫಿಗರ್ ಮಾಡಲು ಹುಡುಗರು ಇನ್ನೊಂದು ಸಲ ಒತ್ತಲು ಹೋಗುತ್ತಾರೆ, ಬೇಡ ಎನ್ನಬೇಕು. ಟೈರ್ ಗಾಳಿ ಎರಡು ವಾರಕ್ಕೊಮ್ಮೆ ನೋಡುವುದು. ಟ್ಯಾಂಕ್‌ನಲ್ಲಿ ಹತ್ತು ಲೀಟರ್ ಉಳಿದಾಗ 40 ಲೀಟರ್ ತುಂಬಿಸುವುದು. ಹಳೆಯ ಡೀಸೆಲ್ ಬೆರೆತಿರುವುದರಿಂದ, ಸಾಮಾನ್ಯದಿಂದ ಪ್ರೀಮಿಯಂಗೆ ಹೋಗಲಿ, ಪ್ರೀಮಿಯಂನಿಂದ ವಾಪಸ್ ಬರಲಿ, ಮೊದಲ ಟ್ಯಾಂಕ್ ಲೆಕ್ಕಕ್ಕಿಲ್ಲ.

ಆ ಮೊದಲ ಟ್ಯಾಂಕ್ ಬಿಡಲು ಇನ್ನೊಂದು ಕಾರಣವೂ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಡೀಸೆಲ್ ತುಂಬುವಾಗ ನೊರೆ ಬರುತ್ತದೆ, ನೊರೆ ತಾಕಿ ನಾಜಲ್ ಬೇಗ ಕಟ್ ಆಗುತ್ತದೆ. ಪ್ರೀಮಿಯಂ ಡೀಸೆಲ್‌ಗಳಲ್ಲಿ ಸಾಮಾನ್ಯವಾಗಿ ನೊರೆ ತಡೆಯುವ ರಾಸಾಯನಿಕ ಇರುತ್ತದೆ, ಹಾಗಾಗಿ ಕಟ್ ಆಗುವ ಹೊತ್ತಿಗೆ ಅರ್ಧ-ಒಂದು ಲೀಟರ್ ಹೆಚ್ಚೇ ಒಳಗೆ ಹೋಗಬಹುದು. 40 ಲೀಟರಿನಲ್ಲಿ ಒಂದು ಲೀಟರ್ ಎಂದರೆ ಶೇಕಡಾ ಎರಡೂವರೆ. ಪ್ರೀಮಿಯಂ ತುಂಬಿಸಿದ ಸಲ ಮೈಲೇಜ್ ಕುಸಿದಂತೆ, ವಾಪಸ್ ಸಾಮಾನ್ಯ ತುಂಬಿಸಿದ ಸಲ ಏರಿದಂತೆ ಕಾಣುತ್ತದೆ. ಒಂದೇ ಟ್ಯಾಂಕ್ ನೋಡಿ ತೀರ್ಪು ಕೊಡುವವರು ಬಿದ್ದುಹೋಗುವುದು ಇಲ್ಲೇ.

ಲೆಕ್ಕಕ್ಕೆ ಉಳಿದ ಆರಾರು ಟ್ಯಾಂಕ್‌ಗಳು ಇವು. ಸಾಮಾನ್ಯ ಡೀಸೆಲ್: 12.4, 11.3, 13.0, 11.8, 12.6, 11.5, ಸರಾಸರಿ 12.1. ಪ್ರೀಮಿಯಂ: 12.0, 13.1, 11.6, 12.5, 11.9, 12.7, ಸರಾಸರಿ 12.3. ಇಷ್ಟಕ್ಕೇ ನಿಲ್ಲಿಸಿದರೆ "ಶೇಕಡಾ ಒಂದೂವರೆ ಹೆಚ್ಚು ಬಂತು" ಎಂದು ಹೇಳಿಬಿಡಬಹುದು. ಆದರೆ ಒಂದೇ ಡೀಸೆಲ್‌ನ ಸಾಲಿನೊಳಗೇ 11.3ರಿಂದ 13.0ರವರೆಗೆ ಏರಿಳಿತ ಇದೆ. ಸಿಲ್ಕ್ ಬೋರ್ಡ್‌ನಲ್ಲಿ ಒಂದು ಸಂಜೆ ಮಳೆಗೆ ಸಿಕ್ಕಿಹಾಕಿಕೊಂಡರೆ ಸಾಕು, ಆ ಟ್ಯಾಂಕಿನ ಅಂಕಿ ಕೆಳಗಿಳಿಯುತ್ತದೆ. ಒಂದೊಂದು ಟ್ಯಾಂಕಿನ ಅಂಕಿ ಸರಾಸರಿಯಿಂದ ಆಚೀಚೆ ಸರಿಯುವುದು ಸುಮಾರು 0.6 ಕಿ.ಮೀ. ಹಾಗಿರುವಾಗ ಆರಾರು ಟ್ಯಾಂಕ್‌ಗಳ ಸರಾಸರಿಗಳ ನಡುವೆ 0.36ರಷ್ಟು ವ್ಯತ್ಯಾಸ ಸುಮ್ಮಸುಮ್ಮನೆ ಬರಬಹುದು. ನನಗೆ ಸಿಕ್ಕಿದ್ದು 0.2. ಅದನ್ನು ಲಾಭ ಎನ್ನಲು ಬರುವುದಿಲ್ಲ.

ಗುರಿಯಿಟ್ಟ 0.46 ನಿಜವಾಗಿ ಇದೆಯೋ ಇಲ್ಲವೋ ಎಂದು ನಗರದ ಓಡಾಟದಲ್ಲಿ ಭರವಸೆಯಿಂದ ಹೇಳಬೇಕಾದರೆ ಒಂದೊಂದಕ್ಕೂ ಹದಿನೈದು ಟ್ಯಾಂಕ್ ಆದರೂ ಬೇಕು. ತಿಂಗಳಿಗೆ 800 ಕಿ.ಮೀ. ಓಡುವ ಗಾಡಿಗೆ ಅದು ಒಂದೂವರೆ ವರ್ಷದ ಕೆಲಸ. ಹಾಗಾಗಿ ಯಾರಾದರೂ "ಎರಡು ಟ್ಯಾಂಕ್ ಹಾಕಿಸಿದೆ, ಲೀಟರಿಗೆ ಒಂದೂವರೆ ಕಿ.ಮೀ. ಜಾಸ್ತಿ ಬಂತು" ಎಂದರೆ ಅವರು ಸುಳ್ಳು ಹೇಳುತ್ತಿಲ್ಲ, ಟ್ರಾಫಿಕ್ಕನ್ನು ಅಳೆದಿದ್ದಾರೆ ಅಷ್ಟೆ. ಖರ್ಚಿನ ಕಡೆ ಮಾತ್ರ ಯಾವ ಅನುಮಾನವೂ ಇಲ್ಲ: ವರ್ಷಕ್ಕೆ 9,600 ಕಿ.ಮೀ. ಎಂದರೆ 800 ಲೀಟರ್, ಅಂದರೆ 2,800 ರೂಪಾಯಿ ಹೆಚ್ಚು.

ಸೀಟೇನ್‌ನ ಪರಿಣಾಮ ಕಿವಿಗೆ ಬೀಳುವ ಒಂದು ಸಮಯ ಇದೆ. ಜನವರಿಯ ಬೆಳಿಗ್ಗೆ, ರಾತ್ರಿಯೆಲ್ಲ ಹೊರಗೆ ನಿಂತ ಗಾಡಿ ಸ್ಟಾರ್ಟ್ ಮಾಡಿ ಬಾನೆಟ್ ಪಕ್ಕ ನಿಲ್ಲಿ. ಮೊದಲ ಅರ್ಧ ನಿಮಿಷ ಕಟಕಟ ಎನ್ನುವ ಸದ್ದಿನ ಮೊನಚು ಪ್ರೀಮಿಯಂನಲ್ಲಿ ಸ್ವಲ್ಪ ಮೊಂಡಾಗಿರುತ್ತದೆ. ಕೂಲೆಂಟ್ 60 ಡಿಗ್ರಿ ದಾಟುವ ಹೊತ್ತಿಗೆ ಎರಡಕ್ಕೂ ವ್ಯತ್ಯಾಸ ಹೇಳಲಾಗುವುದಿಲ್ಲ.

ಹಾಗಾದರೆ ಪ್ರೀಮಿಯಂನಲ್ಲಿ ದುಡ್ಡಿಗೆ ತಕ್ಕ ವಸ್ತು ಏನೂ ಇಲ್ಲವೇ? ಇದೆ, ಆದರೆ ಅದು ಸೀಟೇನ್ ಅಲ್ಲ, ಡಿಟರ್ಜೆಂಟ್. ಇಂಜೆಕ್ಟರ್ ತುದಿಯ ತೂತುಗಳು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸಣ್ಣವು. ಅಲ್ಲಿ ಕರಿ ಕಟ್ಟಿದರೆ ಸಿಂಪಡಣೆ ಕೆಡುತ್ತದೆ. ಡಿಟರ್ಜೆಂಟ್ ಆ ಕರಿಯನ್ನು ನಿಧಾನವಾಗಿ ಬಿಡಿಸುತ್ತದೆ, ಹೊಸದಾಗಿ ಕಟ್ಟದಂತೆ ತಡೆಯುತ್ತದೆ. ಕರಿಯೇ ಇಲ್ಲದ ಇಂಜೆಕ್ಟರ್‌ನಲ್ಲಿ ಅದಕ್ಕೆ ಬಿಡಿಸಲು ಏನೂ ಇರುವುದಿಲ್ಲ.

ಕರಿ ಇದೆಯೋ ಇಲ್ಲವೋ ಎಂದು ತಿಳಿಯಲು ಮೈಲೇಜ್ ನೋಡಬೇಡಿ, ಸ್ಕ್ಯಾನರ್ ಹಾಕಿಸಿ. ಅಗ್ಗದ ಬ್ಲೂಟೂತ್ ಡಾಂಗಲ್ ಈ ಮಾಹಿತಿಯನ್ನು ಎಲ್ಲ ಗಾಡಿಗಳಲ್ಲೂ ತೋರಿಸುವುದಿಲ್ಲ. ಆ ಕಂಪನಿಯ ಡೇಟಾ ಓದುವ ಸ್ಕ್ಯಾನರ್ ಇರುವ ಗ್ಯಾರೇಜ್ ಬೇಕು. ಇಂಜಿನ್ ಪೂರ್ತಿ ಬಿಸಿಯಾಗಿ, ಎಸಿ ಆಫ್ ಇದ್ದು, ಐಡಲ್‌ನಲ್ಲಿ ನಿಂತಾಗ ನಾಲ್ಕೂ ಸಿಲಿಂಡರ್‌ಗಳ ಇಂಜೆಕ್ಷನ್ ಕರೆಕ್ಷನ್ ಓದಿಸಿ ಬರೆದಿಟ್ಟುಕೊಳ್ಳಿ. ಇಂಜಿನ್ ಸಮನಾಗಿ ತಿರುಗಲು ಯಾವ ಸಿಲಿಂಡರಿಗೆ ಎಷ್ಟು ಡೀಸೆಲ್ ಕೂಡಿಸಬೇಕು, ಎಷ್ಟು ಕಳೆಯಬೇಕು ಎಂದು ಇಸಿಯು ಮಾಡಿಕೊಂಡ ಲೆಕ್ಕ ಅದು. ನಾಲ್ಕೂ ಸೊನ್ನೆಯ ಹತ್ತಿರ ಇದ್ದರೆ ಪ್ರೀಮಿಯಂ ಹಾಕಿ ಪ್ರಯೋಜನವಿಲ್ಲ. ಒಂದು ಮಾತ್ರ ಉಳಿದ ಮೂರರಿಂದ ದೂರ ಸರಿಯುತ್ತಿದ್ದರೆ, ಮೂರು ಟ್ಯಾಂಕ್ ಪ್ರೀಮಿಯಂ ಬಿಡದೆ ಹಾಕಿ ಮತ್ತೆ ಓದಿಸಿ. ಅಂಕಿ ಉಳಿದವುಗಳ ಕಡೆಗೆ ವಾಪಸ್ ಬಂದರೆ ತೊಂದರೆ ಕರಿಯದ್ದೇ ಎನ್ನಬಹುದು. ಅಲ್ಲಾಡದಿದ್ದರೆ ಇಂಜೆಕ್ಟರ್ ಸವೆದಿರಬಹುದು ಅಥವಾ ಆ ಸಿಲಿಂಡರಿನ ಕಂಪ್ರೆಷನ್ ಬಿದ್ದಿರಬಹುದು. ಆಗ ನಾಲ್ಕು ಇಂಜೆಕ್ಟರ್‌ಗಳ ರಿಟರ್ನ್ ಪೈಪಿಗೆ ಅಳತೆಯ ಬಾಟಲಿ ಕಟ್ಟಿ, ಯಾವುದರಿಂದ ಡೀಸೆಲ್ ಹೆಚ್ಚು ವಾಪಸ್ ಬರುತ್ತಿದೆ ಎಂದು ನೋಡಿಸಬೇಕು. ಯಾವ ಡೀಸೆಲ್ಲೂ ಸವೆದ ವಾಲ್ವನ್ನು ರಿಪೇರಿ ಮಾಡುವುದಿಲ್ಲ.

ನಗರದ ಎಸ್‌ಯುವಿಯ ನಿಜವಾದ ಕಾಟ ಡಿಪಿಎಫ್, ಅಂದರೆ ಹೊಗೆಯ ಮಸಿಯನ್ನು ಹಿಡಿದಿಟ್ಟು ಆಗಾಗ ಸುಡುವ ಫಿಲ್ಟರ್. ಮೂರು-ನಾಲ್ಕು ಕಿ.ಮೀ. ಓಡಿ ನಿಲ್ಲಿಸುವ ಗಾಡಿಯಲ್ಲಿ ಮಸಿ ಸುಡಲು ಬೇಕಾದ ಬಿಸಿ ಬರುವುದಿಲ್ಲ. ಅದಕ್ಕೆ ಸುಮಾರು 600 ಡಿಗ್ರಿ ಬೇಕು. ಸುಡುವುದನ್ನು ಅರ್ಧಕ್ಕೇ ನಿಲ್ಲಿಸುತ್ತಾ ಹೋದರೆ ಅದಕ್ಕಾಗಿ ಸಿಂಪಡಿಸಿದ ಡೀಸೆಲ್ ಇಂಜಿನ್ ಆಯಿಲ್‌ಗೆ ಸೇರಿ, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತದೆ. ಪ್ರೀಮಿಯಂ ಡೀಸೆಲ್ ಇದನ್ನು ತಪ್ಪಿಸುವುದಿಲ್ಲ. ವಾರಕ್ಕೊಮ್ಮೆ ನೈಸ್ ರಸ್ತೆಯಲ್ಲಿ ಇಪ್ಪತ್ತು-ಇಪ್ಪತ್ತೈದು ನಿಮಿಷ ಒಂದೇ ಸಮನೆ 2000 ಆರ್‌ಪಿಎಂ ಮೇಲೆ ಓಡಿಸಿದರೆ ತಪ್ಪುತ್ತದೆ.

ಟ್ಯಾಂಕಿಗೆ ಸುರಿಯುವ ಸೀಟೇನ್ ಬೂಸ್ಟರ್ ಬಾಟಲಿ ನಮ್ಮ ಡೀಸೆಲ್‌ಗೆ ಬೇಡವೇ ಬೇಡ. ಪ್ರಮಾಣ ಹೆಚ್ಚಿಸಿದಷ್ಟೂ ಅದರಿಂದ ಏರುವ ಸೀಟೇನ್ ಕಡಿಮೆಯಾಗುತ್ತಾ ಹೋಗುತ್ತದೆ. ಪ್ರೀಮಿಯಂ ಮೇಲೆ ಅದನ್ನೂ ಸುರಿಯುವುದು ಇನ್ನೂ ತಪ್ಪು, ಯಾವ ರಾಸಾಯನಿಕ ಯಾವುದರ ಜೊತೆ ಹೊಂದುತ್ತದೆ ಎಂದು ಯಾರೂ ಪರೀಕ್ಷಿಸಿರುವುದಿಲ್ಲ.

ಈಗ ನಾನು ಹಾಕಿಸುವುದು ಸಾಮಾನ್ಯ ಡೀಸೆಲ್, ಲಾರಿ-ಬಸ್ಸುಗಳು ಸಾಲು ನಿಲ್ಲುವ ಬಂಕ್‌ನಲ್ಲಿ, ಏಕೆಂದರೆ ಅಲ್ಲಿ ನೆಲದೊಳಗಿನ ಟ್ಯಾಂಕ್ ಬೇಗ ಖಾಲಿಯಾಗಿ ಹೊಸ ಲೋಡ್ ಬರುತ್ತಿರುತ್ತದೆ. ಫ್ಯೂಯೆಲ್ ಫಿಲ್ಟರ್ ಕಂಪನಿ ಹೇಳಿದ ಕಿಲೋಮೀಟರಿಗೆ ಸರಿಯಾಗಿ ಬದಲಾಗುತ್ತದೆ, ಪ್ರತಿ ಸರ್ವಿಸ್‌ನಲ್ಲಿ ಅದರ ಕೆಳಗಿನ ನೀರು ಬಸಿಯುತ್ತದೆ, ನಾಲ್ಕು ಕರೆಕ್ಷನ್ ಅಂಕಿಗಳು ಪುಸ್ತಕಕ್ಕೆ ಸೇರುತ್ತವೆ. ಅವು ಸರಿದ ದಿನ ಮೂರು ಟ್ಯಾಂಕ್ ಪ್ರೀಮಿಯಂ. ಅದಕ್ಕೆ ಆಗುವ ಹೆಚ್ಚುವರಿ ಖರ್ಚು 420 ರೂಪಾಯಿ.