ನಾಯಕರಿಗೆ ಅಂಕ ಕೊಡುವ ಅಳತೆಗೋಲು ಬದಲಾಗಿದೆಯೇ? ಪತ್ತೆ ಮಾಡುವುದು ಹೀಗೆ

1991ರ ಮಾರ್ಚ್ ಹೊತ್ತಿಗೆ ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ ಜನರನ್ನು ಕೇಳಿತು: ಅಧ್ಯಕ್ಷ ಜಾರ್ಜ್ ಬುಷ್ ಕೆಲಸ ನಿಮಗೆ ಒಪ್ಪಿಗೆಯೇ? ನೂರಕ್ಕೆ 89 ಜನ ಹೌದು ಅಂದರು. ಕೊಲ್ಲಿ ಯುದ್ಧ ಆಗಷ್ಟೇ ಮುಗಿದಿತ್ತು. 1992ರ ಬೇಸಿಗೆಯಲ್ಲಿ ಅದೇ ಪ್ರಶ್ನೆಗೆ ಹೌದು ಅಂದವರು ಮೂವತ್ತರ ಆಸುಪಾಸು. ನವೆಂಬರಿನಲ್ಲಿ ಬುಷ್ ಸೋತರು.

ಆರ್ಥಿಕತೆ ಕೆಟ್ಟಿತು, ಅದಕ್ಕೇ ಸೋತರು ಅಂತ ಎಲ್ಲರೂ ಹೇಳುತ್ತಾರೆ. ಅದು ಸುಳ್ಳಲ್ಲ, ನಿರುದ್ಯೋಗ 1992ರ ಮಧ್ಯದವರೆಗೂ ಏರುತ್ತಲೇ ಇತ್ತು. ಆದರೆ ಒಂದು ವಿಷಯ ಗಮನಿಸಿ. ಆ ಹಿಂಜರಿತ ಶುರುವಾಗಿದ್ದು 1990ರ ಜುಲೈನಲ್ಲಿ, ಇರಾಕ್ ಕುವೈತಿಗೆ ನುಗ್ಗುವುದಕ್ಕೂ ಮುಂಚೆ. ಅಂದರೆ 89 ಜನ ಭೇಷ್ ಅನ್ನುತ್ತಿದ್ದಾಗಲೂ ಆರ್ಥಿಕತೆ ಚೆನ್ನಾಗಿರಲಿಲ್ಲ. ಆಗ ಟಿವಿ ತುಂಬ ಯುದ್ಧವಿತ್ತು, ಆದ್ದರಿಂದ ಜನ ಬುಷ್ ಅವರನ್ನು ಯುದ್ಧದ ತಕ್ಕಡಿಯಲ್ಲಿ ತೂಗಿದರು. ಮುಂದಿನ ವರ್ಷ ಸುದ್ದಿ ಬದಲಾಯಿತು, ತಕ್ಕಡಿಯೂ ಬದಲಾಯಿತು.

ಇದಕ್ಕೆ ಸಂಶೋಧಕರು ಇಟ್ಟ ಹೆಸರು ಪ್ರೈಮಿಂಗ್. ಸುದ್ದಿ ನಮ್ಮ ಅಭಿಪ್ರಾಯವನ್ನೇ ತಿರುಗಿಸಬೇಕಾಗಿಲ್ಲ. ಯಾವ ವಿಷಯಕ್ಕೆ ಎಷ್ಟು ತೂಕ ಅನ್ನುವುದನ್ನು ಬದಲಾಯಿಸಿದರೆ ಸಾಕು. ಒಂದು ಚಿಕ್ಕ ಲೆಕ್ಕ ಹಾಕಿ ನೋಡೋಣ. ಒಬ್ಬ ನಾಯಕರಿಗೆ ನೀವು ರಕ್ಷಣೆಯಲ್ಲಿ ಹತ್ತಕ್ಕೆ 8 ಕೊಡುತ್ತೀರಿ, ಬೆಲೆ ಹಿಡಿತದಲ್ಲಿ 4. ಸುದ್ದಿಯೆಲ್ಲ ಗಡಿಯದ್ದಾಗಿ, ರಕ್ಷಣೆಗೆ ನೂರಕ್ಕೆ 70 ಪಾಲು ತೂಕ ಬಿದ್ದರೆ ಒಟ್ಟು ಅಂಕ 6.8. ಸುದ್ದಿಯೆಲ್ಲ ಬೆಲೆಯದ್ದಾಗಿ ಆ ಪಾಲು 30ಕ್ಕೆ ಇಳಿದರೆ ಒಟ್ಟು 5.2. ನಾಯಕರು ಏನೂ ಹೊಸದಾಗಿ ಮಾಡಿಲ್ಲ, ನಿಮ್ಮ 8 ಮತ್ತು 4 ಕೂಡ ಅಲ್ಲೇ ಇವೆ, ಆದರೂ ಪಾಸಾಗಿದ್ದವರು ಅಂಚಿಗೆ ಬಂದು ನಿಂತರು.

ಇದು ನಿಜಕ್ಕೂ ನಡೆಯುತ್ತಾ ಅಂತ ಮೊದಲು ಗಟ್ಟಿಯಾಗಿ ತೋರಿಸಿದವರು ಶಾಂತೊ ಅಯ್ಯಂಗಾರ್, ಮಾರ್ಕ್ ಪೀಟರ್ಸ್ ಮತ್ತು ಡೊನಾಲ್ಡ್ ಕಿಂಡರ್. 1982ರಲ್ಲಿ ಅವರ ಲೇಖನ ಬಂತು. ಜನರನ್ನು ಕರೆಸಿ, ಕೆಲವು ದಿನ ಸಂಜೆಯ ಸುದ್ದಿ ಅಂತ ಹೇಳಿ ತಾವೇ ಕತ್ತರಿಸಿ ಜೋಡಿಸಿದ ಬುಲೆಟಿನ್‌ ತೋರಿಸಿದರು. ಒಂದು ಗುಂಪಿನ ಬುಲೆಟಿನ್ ನಡುವೆ ದೇಶದ ರಕ್ಷಣೆ ದುರ್ಬಲ ಅನ್ನುವ ವರದಿಗಳು, ಇನ್ನೊಂದಕ್ಕೆ ಮಾಲಿನ್ಯ, ಮತ್ತೊಂದಕ್ಕೆ ಹಣದುಬ್ಬರ. ಕೊನೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಬಗ್ಗೆ ಕೇಳಿದರು. ರಕ್ಷಣೆಯ ವರದಿ ನೋಡಿದವರ ಒಟ್ಟು ಅಭಿಪ್ರಾಯಕ್ಕೂ, ರಕ್ಷಣೆಯಲ್ಲಿ ಕಾರ್ಟರ್ ಹೇಗಿದ್ದರು ಅನ್ನುವ ಅಭಿಪ್ರಾಯಕ್ಕೂ ನಂಟು ಬಿಗಿಯಾಗಿತ್ತು.

ಈಗ ನಾವೇ ಪತ್ತೆ ಮಾಡುವುದು ಹೇಗೆ ಅನ್ನುವುದಕ್ಕೆ ಬರೋಣ. ಇದಕ್ಕೆ ನನಗೆ ತುಂಬ ಇಷ್ಟವಾದ ಪ್ರಕರಣ ಅಮೆರಿಕದ 1986ರ ಇರಾನ್-ಕಾಂಟ್ರಾ ಹಗರಣ. ಅದನ್ನೇ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಹೋಗೋಣ.

ಹೆಜ್ಜೆ 1: ಸುದ್ದಿ ತಿರುಗಿದ ದಿನ ಹುಡುಕಿ

‘ಇತ್ತೀಚೆಗೆ ಇದೇ ಸುದ್ದಿ ಜಾಸ್ತಿ’ ಅಂದರೆ ಸಾಲದು. ಒಂದು ತಾರೀಕು ಬೇಕು. ನಮ್ಮ ಪ್ರಕರಣದಲ್ಲಿ ಅದು 1986ರ ನವೆಂಬರ್ 25. ರೊನಾಲ್ಡ್ ರೇಗನ್ ಸರ್ಕಾರ ಇರಾನಿಗೆ ಗುಟ್ಟಾಗಿ ಆಯುಧ ಮಾರಿದ ವಿಷಯ ಅದೇ ತಿಂಗಳ ಶುರುವಿನಲ್ಲೇ ಹೊರಬಿದ್ದಿತ್ತು. 25ರಂದು ಅಟಾರ್ನಿ ಜನರಲ್ ಎಡ್ವಿನ್ ಮೀಸ್ ಪತ್ರಕರ್ತರ ಮುಂದೆ ಬಂದು, ಆ ಮಾರಾಟದ ದುಡ್ಡಿನ ಒಂದು ಪಾಲು ಮಧ್ಯ ಅಮೆರಿಕದ ದೇಶ ನಿಕರಾಗುವಾದ ಕಾಂಟ್ರಾ ಬಂಡುಕೋರರಿಗೆ ಹೋಗಿದೆ ಅಂದರು. ಅಲ್ಲಿಯವರೆಗೆ ಹಿಂದೆ ಸರಿದಿದ್ದ ಮಧ್ಯ ಅಮೆರಿಕ ಒಂದೇ ದಿನದಲ್ಲಿ ಮುಖಪುಟಕ್ಕೆ ಬಂತು.

ಅದೃಷ್ಟಕ್ಕೆ ಆಗಲೇ ದೇಶದ ಚುನಾವಣಾ ಅಧ್ಯಯನದವರು ಮನೆಮನೆಗೆ ಹೋಗಿ ಸಂದರ್ಶನ ಮಾಡುತ್ತಿದ್ದರು. ಕೆಲವರನ್ನು 25ಕ್ಕೆ ಮುಂಚೆ ಕೇಳಿಯಾಗಿತ್ತು, ಉಳಿದವರನ್ನು ಆಮೇಲೆ ಕೇಳಿದರು. ಪ್ರಶ್ನೆಗಳು ಅವೇ, ಕೇಳಿದ ತಾರೀಕು ಮಾತ್ರ ಬೇರೆ. ಜಾನ್ ಕ್ರಾಸ್ನಿಕ್ ಮತ್ತು ಡೊನಾಲ್ಡ್ ಕಿಂಡರ್ ಈ ಎರಡು ಗುಂಪನ್ನು ಹೋಲಿಸಿ 1990ರಲ್ಲಿ ಬರೆದರು.

ಹೆಜ್ಜೆ 2: ಎರಡು ಪ್ರಶ್ನೆ ಬೇರೆ ಬೇರೆ ಇಡಿ

ಒಂದು, ಈ ನಾಯಕರ ಒಟ್ಟು ಕೆಲಸಕ್ಕೆ ಎಷ್ಟು ಅಂಕ. ಎರಡು, ಈ ನಿರ್ದಿಷ್ಟ ವಿಷಯದಲ್ಲಿ ನಿಮ್ಮ ನಿಲುವು ಏನು, ಉದಾಹರಣೆಗೆ ಕಾಂಟ್ರಾಗಳಿಗೆ ನೆರವು ಕೊಡಬೇಕೋ ಬೇಡವೋ. ಒಟ್ಟು ಅಂಕವನ್ನೇ ಮೊದಲು ಕೇಳಿ. ಇದನ್ನು ಮರೆಯಬೇಡಿ. ಕಾಂಟ್ರಾ ಬಗ್ಗೆ ಮೊದಲು ಕೇಳಿಬಿಟ್ಟರೆ ಆ ಪ್ರಶ್ನೆಯೇ ಪ್ರೈಮಿಂಗ್ ಮಾಡುತ್ತದೆ. ಆಮೇಲೆ ಬರುವ ಅಂಕ ಸುದ್ದಿಯಿಂದ ಬಂತೋ ನಿಮ್ಮ ಪ್ರಶ್ನೆಯಿಂದ ಬಂತೋ ಗೊತ್ತಾಗುವುದಿಲ್ಲ.

ಹೆಜ್ಜೆ 3: ಸರಾಸರಿ ಬಿಡಿ, ಅಂತರ ನೋಡಿ

ಎಲ್ಲರೂ ಎಡವುವುದು ಇಲ್ಲೇ. ಜನಪ್ರಿಯತೆ ಇಳಿದದ್ದು ಕಂಡ ತಕ್ಷಣ ‘ನೋಡಿ, ಮಾಧ್ಯಮ ಮಾಡಿದ್ದು’ ಅಂದುಬಿಡುತ್ತೇವೆ. ಇರಾನ್-ಕಾಂಟ್ರಾ ಹೊರಬಂದಾಗ ನ್ಯೂಯಾರ್ಕ್ ಟೈಮ್ಸ್ ಮತ್ತು ಸಿಬಿಎಸ್ ಸಮೀಕ್ಷೆಯಲ್ಲಿ ರೇಗನ್ ಒಪ್ಪಿಗೆ ಒಂದೇ ತಿಂಗಳಲ್ಲಿ 67ರಿಂದ 46ಕ್ಕೆ ಬಿತ್ತು. ದೊಡ್ಡ ಕುಸಿತ, ನಿಜ. ಆದರೆ ಅದೊಂದರಿಂದ ಪ್ರೈಮಿಂಗ್ ಸಾಬೀತಾಗುವುದಿಲ್ಲ. ಸರ್ಕಾರ ತಪ್ಪು ಮಾಡಿದ್ದು ಗೊತ್ತಾಗಿ ಜನ ಸಿಟ್ಟಾದರೂ ಅಂಕ ಬೀಳುತ್ತದೆ, ಅಲ್ವಾ? ಅದು ಹೊಸ ಮಾಹಿತಿಯ ಪರಿಣಾಮ, ಅಳತೆಗೋಲು ಬದಲಾದದ್ದಲ್ಲ.

ಹಾಗಾದರೆ ನೋಡಬೇಕಾದ್ದೇನು? ನಾನೇ ಹಾಕಿಕೊಂಡ ಅಂಕಿಗಳಲ್ಲಿ ತೋರಿಸುತ್ತೇನೆ. ಸುದ್ದಿಗೆ ಮುಂಚೆ, ಕಾಂಟ್ರಾ ನೆರವನ್ನು ಒಪ್ಪುವವರು ರೇಗನ್‌ಗೆ ಸರಾಸರಿ 7 ಕೊಡುತ್ತಿದ್ದರು, ಒಪ್ಪದವರು 6 ಕೊಡುತ್ತಿದ್ದರು ಅಂದುಕೊಳ್ಳಿ. ಅಂತರ 1. ಸುದ್ದಿಯ ನಂತರ ಒಪ್ಪುವವರು 5, ಒಪ್ಪದವರು 4 ಕೊಟ್ಟರೆ ಇಬ್ಬರೂ ಸಮನಾಗಿ ಕೆಳಗೆ ಬಂದಿದ್ದಾರೆ, ಅಂತರ ಈಗಲೂ 1. ಇದು ಬರೀ ಕೆಟ್ಟ ಸುದ್ದಿಯ ಪೆಟ್ಟು. ಅದೇ ಒಪ್ಪುವವರು 6.5ರಲ್ಲಿ ನಿಂತು, ಒಪ್ಪದವರು 4ಕ್ಕೆ ಇಳಿದರೆ ಅಂತರ 2.5. ಮುಂಚೆ ಕಾಂಟ್ರಾ ನಿಲುವು ಗೊತ್ತಿದ್ದರೂ ಒಬ್ಬರ ಅಂಕ ಊಹಿಸುವುದು ಕಷ್ಟವಿತ್ತು, ಈಗ ಅದು ಗೊತ್ತಾದರೆ ಅಂಕವೂ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಆ ನಿಲುವಿಗೆ ತೂಕ ಬಂದಿದೆ ಅನ್ನುವುದರ ಗುರುತು ಇದೇ.

ಕ್ರಾಸ್ನಿಕ್ ಮತ್ತು ಕಿಂಡರ್ ಕಂಡದ್ದು ಈ ಎರಡನೆಯ ಬಗೆಯನ್ನು. ನವೆಂಬರ್ 25ರ ನಂತರ ಸಂದರ್ಶನ ಕೊಟ್ಟವರಲ್ಲಿ, ಮಧ್ಯ ಅಮೆರಿಕದ ವಿಷಯದಲ್ಲಿ ಅಮೆರಿಕ ಕೈಹಾಕಬೇಕೇ ಅನ್ನುವ ನಿಲುವು ರೇಗನ್ ಬಗೆಗಿನ ಒಟ್ಟು ಅಭಿಪ್ರಾಯವನ್ನು ಮುಂಚಿಗಿಂತ ಜಾಸ್ತಿ ನಿರ್ಧರಿಸುತ್ತಿತ್ತು.

ಹೆಜ್ಜೆ 4: ಸುದ್ದಿಯಲ್ಲಿ ಇಲ್ಲದ ವಿಷಯವನ್ನೂ ಅಳೆಯಿರಿ

ಎಲ್ಲ ವಿಷಯದಲ್ಲೂ ಅಂತರ ಒಟ್ಟಿಗೇ ಹಿಗ್ಗಿದ್ದರೆ ಬೇರೇನೋ ನಡೆದಿದೆ. ಜನ ಸುಮ್ನೆ ಎರಡು ಬಣವಾಗಿ ಒಡೆದಿರಬಹುದು. ಆದ್ದರಿಂದ ಆ ವಾರ ಯಾರೂ ಮಾತಾಡದ ಒಂದು ವಿಷಯ ಆರಿಸಿ, ಅದೇ ಲೆಕ್ಕ ಹಾಕಿ. ಕ್ರಾಸ್ನಿಕ್ ಮತ್ತು ಕಿಂಡರ್ ದೇಶದೊಳಗಿನ ವಿಷಯಗಳನ್ನೂ ಪಕ್ಕದಲ್ಲಿ ಇಟ್ಟು ನೋಡಿದರು, ಮಧ್ಯ ಅಮೆರಿಕಕ್ಕೆ ಬಂದಂಥ ತೂಕ ಅವಕ್ಕೆ ಬಂದಿರಲಿಲ್ಲ. ಈ ಹೆಜ್ಜೆಗೆ ಹತ್ತು ನಿಮಿಷ ಸಾಕು, ಆದರೂ ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇದಿಲ್ಲದ ಲೆಕ್ಕವನ್ನು ನಂಬಬಾರದು.

ಹೆಜ್ಜೆ 5: ತೂಕ ಬದಲಾಯಿತೋ, ನಿಲುವೇ ಬದಲಾಯಿತೋ?

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ, ಸ್ವಲ್ಪ ನಿಧಾನವಾಗಿ ಓದಿ. ಅಂತರ ಹಿಗ್ಗುವುದಕ್ಕೆ ಇನ್ನೊಂದು ದಾರಿಯಿದೆ. ನಾಯಕರನ್ನು ಮೊದಲೇ ಮೆಚ್ಚಿದ್ದವರು, ಸುದ್ದಿ ನೋಡಿ ‘ಓ, ನಮ್ಮವರ ನಿಲುವು ಇದಾ’ ಅಂತ ತಿಳಿದು ತಾವೂ ಅದೇ ನಿಲುವಿಗೆ ಬರುತ್ತಾರೆ. ಮೆಚ್ಚದವರು ಅದಕ್ಕೆ ಎದುರು ನಿಲ್ಲುತ್ತಾರೆ. ಆಗಲೂ ನಿಲುವಿಗೂ ಅಂಕಕ್ಕೂ ನಂಟು ಬಿಗಿಯಾಗಿ ಕಾಣುತ್ತದೆ. ಆದರೆ ಇಲ್ಲಿ ನಿಲುವು ನೋಡಿ ಅಂಕ ಕೊಟ್ಟದ್ದಲ್ಲ, ಅಂಕಕ್ಕೆ ತಕ್ಕಂತೆ ನಿಲುವು ತಿದ್ದಿಕೊಂಡದ್ದು.

ರಾಜಕೀಯ ಸಂಶೋಧಕ ಗೇಬ್ರಿಯಲ್ ಲೆಂಜ್ 2009ರಲ್ಲಿ ಇದನ್ನೇ ಎತ್ತಿದರು. 2000ದ ಚುನಾವಣೆಯಲ್ಲಿ ಕಿರಿಯ ಬುಷ್ ಮತ್ತು ಆಲ್ ಗೋರ್ ನಡುವೆ ಒಂದು ಜಗಳವಿತ್ತು: ನಿವೃತ್ತಿ ಪಿಂಚಣಿಗೆ ಕಟ್ಟುವ ಹಣದ ಒಂದು ಪಾಲನ್ನು ಷೇರುಪೇಟೆಯಲ್ಲಿ ಹಾಕಬೇಕೇ? ಪ್ರಚಾರ ಜೋರಾದಂತೆ ಈ ವಿಷಯಕ್ಕೂ ಮತಕ್ಕೂ ನಂಟು ಗಟ್ಟಿಯಾಯಿತು, ಮುಂಚಿನ ಸಂಶೋಧಕರು ಅದನ್ನು ಪ್ರೈಮಿಂಗ್ ಅಂತಲೇ ಅರ್ಥ ಮಾಡಿಕೊಂಡಿದ್ದರು. ಅದೇ ಮತದಾರರನ್ನು ಎರಡು ಸಲ ಕೇಳಿದ ಮಾಹಿತಿ ಹಿಡಿದು ಲೆಂಜ್ ನೋಡಿದಾಗ, ಜನ ತಮಗೆ ಬೇಕಾದ ಅಭ್ಯರ್ಥಿಯ ನಿಲುವನ್ನು ತಿಳಿದು ಅದನ್ನೇ ತಮ್ಮದಾಗಿಸಿಕೊಂಡದ್ದು ಕಂಡಿತು.

ಇದನ್ನು ತಪ್ಪಿಸಲು ಒಂದೇ ದಾರಿ. ಅದೇ ಜನರನ್ನು ಎರಡು ಸಲ ಕೇಳಿ, ಆದರೆ ಗುಂಪು ಮಾಡುವಾಗ ಮೊದಲ ಸಲ, ಅಂದರೆ ಸುದ್ದಿಗೆ ಮುಂಚೆ ಹೇಳಿದ ನಿಲುವನ್ನೇ ಬಳಸಿ. ಹಳೆಯ ನಿಲುವಿನ ಪ್ರಕಾರ ಗುಂಪು ಮಾಡಿದರೂ ಅಂಕದ ಅಂತರ ಹಿಗ್ಗಿದ್ದರೆ ತೂಕ ಬದಲಾಗಿದೆ. ಹೊಸ ನಿಲುವಿನ ಪ್ರಕಾರ ಮಾತ್ರ ಹಿಗ್ಗಿದ್ದರೆ ಜನ ನಾಯಕರ ಹಿಂದೆ ಹೋಗಿದ್ದಾರೆ. 1986ರ ಲೆಕ್ಕದ ಮಿತಿ ಇಲ್ಲೇ ಇದೆ. ಅಲ್ಲಿ ಮುಂಚಿನವರು ಬೇರೆ, ನಂತರದವರು ಬೇರೆ.

ಇನ್ನು ಯಾರ ಮೇಲೆ ಪರಿಣಾಮ ಜಾಸ್ತಿ? ರಾಜಕೀಯ ಅಷ್ಟಾಗಿ ಗೊತ್ತಿಲ್ಲದವರ ಮೇಲೆ ಅನ್ನುವುದು 1986ರ ಪ್ರಕರಣದ ಉತ್ತರ. 2000ದಲ್ಲಿ ಜೋಆನ್ ಮಿಲ್ಲರ್ ಮತ್ತು ಕ್ರಾಸ್ನಿಕ್ ಬೇರೆ ಉತ್ತರ ಕೊಟ್ಟರು: ವಿಷಯ ಬಲ್ಲವರು ಮತ್ತು ಮಾಧ್ಯಮವನ್ನು ನಂಬುವವರು, ಎರಡೂ ಸೇರಿದವರಲ್ಲೇ ಪರಿಣಾಮ ಜೋರು. ಸುದ್ದಿ ಮನಸ್ಸಿನಲ್ಲಿ ಹಸಿಯಾಗಿ ಉಳಿದದ್ದಕ್ಕಿಂತ, ‘ಇವರು ಇಷ್ಟು ತೋರಿಸುತ್ತಿದ್ದಾರೆ ಅಂದರೆ ಇದು ಮುಖ್ಯವೇ ಇರಬೇಕು’ ಅನ್ನುವ ತೀರ್ಮಾನವೇ ಕೆಲಸ ಮಾಡುತ್ತದೆ ಅಂತ ಅವರ ವಾದ. ನನಗೂ ಇದೇ ಸರಿ ಅನಿಸುತ್ತದೆ, ಯಾಕೆಂದರೆ ನಂಬದ ಚಾನೆಲ್ ಎಷ್ಟು ಕೂಗಿದರೂ ನಾವು ಅದರ ಅಳತೆಗೋಲು ಹಿಡಿಯುವುದಿಲ್ಲ.

ನಿಮ್ಮ ಮೇಲೆಯೇ ಪರೀಕ್ಷೆ ಮಾಡಬೇಕಾದರೆ ಇದರ ಚಿಕ್ಕ ರೂಪ ಸಾಕು. ಚುನಾವಣೆಗೆ ಆರು ತಿಂಗಳಿರುವಾಗ ಒಂದು ಹಾಳೆ ತೆಗೆದುಕೊಳ್ಳಿ. ಮೊದಲು ನಾಯಕರ ಒಟ್ಟು ಅಂಕ ಬರೆಯಿರಿ. ಕೆಳಗೆ ಐದು ವಿಷಯ, ಪ್ರತಿಯೊಂದಕ್ಕೂ ಅಂಕ. ಪಕ್ಕದಲ್ಲಿ ನೂರು ಪಾಲನ್ನು ಆ ಐದಕ್ಕೆ ಹಂಚಿ, ತಾರೀಕು ಹಾಕಿ ಮಡಚಿಡಿ. ಮತದಾನದ ವಾರ ಹಳೆಯದನ್ನು ತೆಗೆಯದೆ ಹೊಸ ಹಾಳೆಯಲ್ಲಿ ಮತ್ತೆ ಬರೆದು ಎರಡನ್ನೂ ಜೋಡಿಸಿ ನೋಡಿ. ನಾನು ಒಮ್ಮೆ ಮಾಡಿದಾಗ ವಿಷಯವಾರು ಅಂಕಗಳಲ್ಲಿ ಒಂದೇ ಒಂದು ಬದಲಾಗಿತ್ತು, ಅದೂ ಅರ್ಧ ಅಂಕ. ಆದರೆ ಮುಂಚೆ 10 ಪಾಲು ಕೊಟ್ಟಿದ್ದ ಒಂದು ವಿಷಯಕ್ಕೆ 45 ಕೊಟ್ಟಿದ್ದೆ, ಮತ್ತು ಮೊದಲು 30 ಕೊಟ್ಟಿದ್ದ ಶಾಲೆಗಳ ವಿಷಯ 5ಕ್ಕೆ ಇಳಿದಿತ್ತು. ಶಾಲೆಗಳಲ್ಲಿ ಆ ಆರು ತಿಂಗಳಲ್ಲಿ ಏನಾಯಿತು ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಹಾಳೆ ಹಿಡಿದು ಕೂತು, ಮತ ಹಾಕುವ ಮುಂಚಿನ ಎರಡು ದಿನ ಶಾಲೆಗಳ ಸುದ್ದಿಯನ್ನೇ ಹುಡುಕಿ ಓದಿದೆ.