ಬಿಳಿ ಯೂನಿಫಾರ್ಮಿನ ಕೆಂಪು ಮಣ್ಣು ಕೊನೆಗೂ ಹೋಯಿತು

ನಾವು ವಿಜಾಪುರದ ಕಡೆಯವರು, ಗೋವಾದ ವಾಸ್ಕೋಗೆ ಬಂದು ಆರು ವರ್ಷ ಆಯಿತು. ಮಳೆಗಾಲದಲ್ಲಿ ಮಗ ಆಟದ ದಿನ ಬಿಳಿ ಶರ್ಟು, ಬಿಳಿ ಸಾಕ್ಸು ಹಾಕಿಕೊಂಡು ಹೋಗಿ ಪೂರ್ತಿ ಕೆಂಪಾಗಿ ಬರುತ್ತಾನೆ. "ಇಲ್ಲಿಯ ಮಣ್ಣು ಹತ್ತಿದರೆ ಮುಗೀತು, ಬಿಟ್ಟುಬಿಡಿ" ಅಂತ ಪಕ್ಕದ ಮನೆಯ ಅಕ್ಕ ಹೇಳುತ್ತಿದ್ದರು. ನಾನು ಬಿಡಲಿಲ್ಲ.

ಮೊದಲ ವರ್ಷ ಹಾಳು ಮಾಡಿದ್ದೇ ಜಾಸ್ತಿ. ಮಣ್ಣು ಹಸಿ ಇರುವಾಗಲೇ ಸೋಪು ಹಚ್ಚಿ ಉಜ್ಜಿದೆ, ಅದು ನೂಲಿನೊಳಗೆ ಇನ್ನೂ ಇಳಿಯಿತು. ಆಮೇಲೆ ಬ್ಲೀಚಿನಲ್ಲಿ ನೆನೆಸಿದೆ, ಶರ್ಟು ಹಳದಿ ತಿರುಗಿತು, ಕಲೆ ಇದ್ದಲ್ಲೇ ಇತ್ತು. ಎರಡು ಶರ್ಟು, ನಾಲ್ಕೈದು ಜೊತೆ ಸಾಕ್ಸು, ಹತ್ತಿರ ಹತ್ತಿರ ಸಾವಿರ ರೂಪಾಯಿ ಹೋಯಿತು. ಈ ಮಣ್ಣಿನ ಕೆಂಪು ಅಂದರೆ ಕಬ್ಬಿಣದ ತುಕ್ಕು, ತುಕ್ಕಿಗೆ ಬ್ಲೀಚ್ ನಾಟಲ್ಲ, ಹುಳಿ ಬೇಕು.

ಈಗ ಮಾಡೋದು ಹೀಗೆ. ಬಟ್ಟೆಯನ್ನು ಫ್ಯಾನಿನ ಕೆಳಗೆ ಪೂರ್ತಿ ಒಣಗಿಸುತ್ತೇನೆ. ಮಳೆಗಾಲದಲ್ಲಿ ರಾತ್ರಿಯಿಡೀ ಬೇಕು, ಅವಸರ ಮಾಡಿದರೆ ಎಲ್ಲಾ ಕೆಡುತ್ತದೆ. ಒಣಗಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉದುರಿಸಿ, ಸಾಕ್ಸನ್ನು ಒಳಗೆ ಹೊರಗೆ ಮಾಡಿ ಜಾಡಿಸುತ್ತೇನೆ, ಎಷ್ಟು ಪುಡಿ ಬೀಳುತ್ತದೆ ಅಂದರೆ ನೆಲದ ಮೇಲೆ ಹಾಸಿದ ಪೇಪರ್ ಕೆಂಪಾಗುತ್ತದೆ. ಆಮೇಲೆ ನಲ್ಲಿಯ ಕೆಳಗೆ ಬಟ್ಟೆಯ ಹಿಂಬದಿಯಿಂದ ತಣ್ಣೀರು ಬಿಟ್ಟು, ನೀರು ತಿಳಿಯಾದ ಮೇಲೆ ಮಾತ್ರ ಸೋಪು.

ಆಗಲೂ ಕಿತ್ತಳೆ ನೆರಳು ಉಳಿಯುತ್ತದೆ. ಅದಕ್ಕೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮೂರು ನಾಲ್ಕು ಲೀಟರ್ ಬಿಸಿನೀರು, ಕೈ ಇಡೋಕೆ ಆಗುವಷ್ಟು ಬಿಸಿ, ಅದರಲ್ಲಿ ಮೂರು ದೊಡ್ಡ ಚಮಚ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ. ಕಿರಾಣಿ ಅಂಗಡಿಯಲ್ಲಿ ನೂರು ಗ್ರಾಮಿಗೆ ಮೂವತ್ತೋ ನಲವತ್ತೋ ಕೊಟ್ಟ ನೆನಪು. ಒಂದೆರಡು ಗಂಟೆ ನೆನೆಸಿ, ನಡುವೆ ಬಿಸಿನೀರು ಬದಲಿಸುತ್ತೇನೆ. ನೀರು ತಿಳಿಹಳದಿ ಆದರೆ ತುಕ್ಕು ಬಿಡುತ್ತಿದೆ ಅಂತ ಅರ್ಥ. ಹಿಂದೆ ಬ್ಲೀಚ್ ಹಾಕಿದ್ದರೆ ಮೊದಲು ನಾಲ್ಕು ಸಲ ಜಾಲಿಸಿ, ಬ್ಲೀಚು ಹುಳಿ ಸೇರಿದರೆ ವಿಷಗಾಳಿ ಏಳುತ್ತದೆ.

ನಡುವೆ ಒಂದು ಪ್ರಯೋಗ ಮಾಡಿದೆ. ಓಣಿಯ ಕೊನೆಯ ಮನೆಯಲ್ಲಿ ಬಿಂಬ್ಲಿ ಮರ ಇದೆ, ಮೀನಿನ ಸಾರಿಗೆ ಹಾಕುತ್ತಾರಲ್ಲ ಅದೇ. ಐದಾರು ಕಾಯಿ ಜಜ್ಜಿ ರಸವನ್ನು ಸಾಕ್ಸಿನ ಅಡಿಗೆ ಹಚ್ಚಿ ಒಂದು ಗಂಟೆ ಬಿಟ್ಟೆ. ಕಲೆ ಅರ್ಧ ತಿಳಿಯಾಯಿತು! ಆ ಕಾಯಿಯಲ್ಲಿ ಆಕ್ಸಾಲಿಕ್ ಆಸಿಡ್ ಇದೆ, ತುಕ್ಕಿಗೆ ಅದು ನಿಂಬೆ ಉಪ್ಪಿಗಿಂತ ಜೋರು. ಅಂಗಡಿಯಲ್ಲಿ ಆ ಆಸಿಡ್‌ನ ಪುಡಿಯೇ ಸಿಗುತ್ತದೆ, ಆದರೆ ವಿಷ. ಹಟ ಹಿಡಿದ ಸಾಕ್ಸಿಗೆ ಮಾತ್ರ, ಗ್ಲೌಸ್ ಹಾಕಿ, ಎರಡು ಲೀಟರಿಗೆ ಒಂದು ಸಣ್ಣ ಚಮಚ, ಕಾಲು ಗಂಟೆ, ಆಮೇಲೆ ಚೆನ್ನಾಗಿ ಜಾಲಿಸುತ್ತೇನೆ. ಡಬ್ಬಿ ಮಗನ ಕೈಗೆ ಸಿಗದ ಹಾಗೆ ಅಟ್ಟದ ಮೇಲೆ.

ಬ್ಲೀಚಿನಿಂದ ಹಳದಿಯಾದ ಆ ಎರಡು ಶರ್ಟು ಮಾತ್ರ ಇವತ್ತಿಗೂ ಸರಿಯಾಗಿಲ್ಲ. ಈ ವರ್ಷದ ಶರ್ಟು ನಾಲ್ಕು ತಿಂಗಳಾದರೂ ಹೊಸದರ ಹಾಗೇ ಇದೆ. ಹೋದ ವಾರ ಅದೇ ಅಕ್ಕ ತಮ್ಮ ಮಗನ ಸಾಕ್ಸು ತಂದುಕೊಟ್ಟರು, ಮೂರು ಜೊತೆ.